ಎಲ್ಲ ನೇರ ದಾರಿಗಳೂ ಸೊನ್ನೆ ಎಂದಾಗ

ಪದವಿ ತರಗತಿಯ ಗಣಿತದ ಉತ್ತರ ಪತ್ರಿಕೆ ತಿದ್ದುವಾಗ ಒಂದು ತಪ್ಪು ನನಗೆ ವರ್ಷವರ್ಷವೂ ಸಿಗುತ್ತದೆ. ಎರಡು ಚರಗಳಿರುವ ಒಂದು ಫಲನ ಕೊಟ್ಟು, ಮೂಲಬಿಂದುವಿನಲ್ಲಿ ಅದಕ್ಕೆ ಮಿತಿ ಇದೆಯೇ ಎಂದು ಕೇಳಿರುತ್ತದೆ. ವಿದ್ಯಾರ್ಥಿ y = mx ಎಂದು ಬರೆದು, ಲೆಕ್ಕ ಮಾಡಿ, m ಎಷ್ಟೇ ಇದ್ದರೂ 0 ಬರುವುದನ್ನು ತೋರಿಸಿ, ‘ಆದ್ದರಿಂದ ಮಿತಿ 0’ ಎಂದು ಮುಗಿಸಿರುತ್ತಾನೆ. ಲೆಕ್ಕದಲ್ಲಿ ಒಂದು ಸಾಲೂ ತಪ್ಪಿಲ್ಲ. ಕೊನೆಯ ‘ಆದ್ದರಿಂದ’ ಮಾತ್ರ ತಪ್ಪು. ಆ ಒಂದು ಪದ ಏಕೆ ತಪ್ಪು ಎಂಬುದನ್ನು ನಿಧಾನವಾಗಿ ನೋಡೋಣ.

ತರಗತಿಯಲ್ಲಿ ಎಲ್ಲರೂ ಲಿಮಿಟ್ ಎನ್ನುವ ಈ ಮಿತಿ ಎಂದರೆ, ನಾವು ಒಂದು ಬಿಂದುವಿಗೆ ಹತ್ತಿರವಾದಷ್ಟೂ ಫಲನದ ಬೆಲೆ ಯಾವ ಸಂಖ್ಯೆಗೆ ಹತ್ತಿರವಾಗುತ್ತದೋ ಆ ಸಂಖ್ಯೆ. ಆ ಬಿಂದುವಿನಲ್ಲೇ ಏನಿದೆ ಎಂಬ ಪ್ರಶ್ನೆ ಇಲ್ಲಿಲ್ಲ. ಸುತ್ತಮುತ್ತ ಏನಾಗುತ್ತಿದೆ ಎಂಬುದಷ್ಟೇ ಮುಖ್ಯ. ಚರ ಒಂದೇ ಇದ್ದಾಗ ಸಂಖ್ಯಾರೇಖೆಯ ಮೇಲೆ ಎಡದಿಂದ ಬರಬೇಕು, ಇಲ್ಲವೇ ಬಲದಿಂದ. ಎರಡೂ ಕಡೆಯಿಂದ ಒಂದೇ ಉತ್ತರ ಬಂದರೆ ಕೆಲಸ ಮುಗಿಯಿತು. ಚರಗಳು ಎರಡಾದ ಕೂಡಲೇ ಓಣಿ ಹೋಗಿ ಬಯಲು ಬರುತ್ತದೆ. ಬಯಲ ನಡುವಿನ ಕಟ್ಟೆಗೆ ನೇರವಾಗಿ ನಡೆಯಬಹುದು, ಬಳಸಿಕೊಂಡು ಬರಬಹುದು, ಸುರುಳಿ ಸುತ್ತುತ್ತಲೂ ಬರಬಹುದು. ಮಿತಿ ಇದೆ ಎನ್ನಬೇಕಾದರೆ ಹೇಗೆ ಬಂದರೂ ಉತ್ತರ ಒಂದೇ ಆಗಿರಬೇಕು. ಆದ್ದರಿಂದ ಎರಡು ದಾರಿಗಳು ಬೇರೆಬೇರೆ ಉತ್ತರ ಕೊಟ್ಟರೆ ಸಾಕು, ಮಿತಿ ಇಲ್ಲ ಎಂಬುದು ಸಾಬೀತಾಗುತ್ತದೆ.

ಸುಲಭದ ಉದಾಹರಣೆ xy/(x² + y²). x ಅಕ್ಷದ ಮೇಲೆ ನಡೆದು ಬಂದರೆ y = 0, ಆದ್ದರಿಂದ ಬೆಲೆ ಉದ್ದಕ್ಕೂ 0. y = x ರೇಖೆಯ ಮೇಲೆ ಬಂದರೆ x²/(2x²), ಅಂದರೆ ಉದ್ದಕ್ಕೂ 1/2. ಮೂಲಬಿಂದುವಿಗೆ ಎಷ್ಟೇ ಹತ್ತಿರ ಹೋದರೂ ಈ ಎರಡು ಉತ್ತರಗಳು ಒಂದಾಗುವುದಿಲ್ಲ, ಮಿತಿ ಇಲ್ಲ. ಈ ಚಿಕ್ಕ ಫಲನವನ್ನು ಕಡೆಗಣಿಸುವಂತಿಲ್ಲ. ಪ್ರತಿ ಚರದಲ್ಲೂ ಪ್ರತ್ಯೇಕವಾಗಿ ಅವಿಚ್ಛಿನ್ನವಾಗಿರುವ ಫಲನ ಎರಡೂ ಚರಗಳಲ್ಲಿ ಒಟ್ಟಾಗಿಯೂ ಅವಿಚ್ಛಿನ್ನ ಎಂದು ಫ್ರಾನ್ಸಿನ ಕೋಶಿ 1821ರ ತಮ್ಮ ಪಠ್ಯದಲ್ಲಿ ಬರೆದಿದ್ದರು. ಮೂಲಬಿಂದುವಿನಲ್ಲಿ 0 ಎಂದು ಬೆಲೆ ಕೊಟ್ಟರೆ, ಈ ಫಲನವೊಂದೇ ಆ ಮಾತನ್ನು ಸುಳ್ಳಾಗಿಸುತ್ತದೆ.

ಇಲ್ಲಿ ಸರಳರೇಖೆಗಳೇ ತಮ್ಮತಮ್ಮಲ್ಲಿ ಜಗಳವಾಡಿ ಸತ್ಯವನ್ನು ಬಯಲಿಗೆ ತಂದವು. ಅವೆಲ್ಲ ಒಮ್ಮತಕ್ಕೆ ಬಂದರೆ? ಆಗ ನಂಬಬಹುದೇ? 1884ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಒಂದು ಕಲನಶಾಸ್ತ್ರದ ಪುಸ್ತಕ ಬಂತು. ಪಾಠಗಳು ಹಿರಿಯ ಪ್ರಾಧ್ಯಾಪಕ ಜೆನೋಕ್ಕಿ ಅವರವು. ಬರೆದು, ತಮ್ಮ ಟಿಪ್ಪಣಿಗಳನ್ನು ಸೇರಿಸಿದವರು ಇನ್ನೂ ಮೂವತ್ತು ದಾಟಿರದ ಪಿಯಾನೊ. ಅದರಲ್ಲಿದ್ದ ಒಂದು ಫಲನ ಇದು:

f(x, y) = xy²/(x² + y⁴)

y = mx ಹಾಕಿ ನೋಡಿ. ಅಂಶದಲ್ಲಿ m²x³, ಛೇದದಲ್ಲಿ x² + m⁴x⁴. ಎರಡನ್ನೂ x² ಇಂದ ಭಾಗಿಸಿದರೆ m²x/(1 + m⁴x²) ಉಳಿಯುತ್ತದೆ. x ಸೊನ್ನೆಯತ್ತ ಹೋದಂತೆ ಇದೂ ಸೊನ್ನೆಯತ್ತ ಹೋಗುತ್ತದೆ, m ಯಾವುದೇ ಇರಲಿ. ಎರಡು ಅಕ್ಷಗಳ ಮೇಲಂತೂ ಬೆಲೆ 0. ಮೂಲಬಿಂದುವಿಗೆ ಬರುವ ನೇರ ದಾರಿಗಳೆಲ್ಲ ಸೊನ್ನೆ ಎಂದೇ ಹೇಳುತ್ತವೆ. ನನ್ನ ವಿದ್ಯಾರ್ಥಿ ಪೆನ್ನು ಕೆಳಗಿಟ್ಟದ್ದು ಇಲ್ಲೇ.

ಈಗ ನೇರ ದಾರಿ ಬಿಟ್ಟು x = y² ಎಂಬ ಪರವಲಯದ ಮೇಲೆ ನಡೆಯೋಣ. ಅಂಶ y²·y² = y⁴. ಛೇದ y⁴ + y⁴ = 2y⁴. ಬೆಲೆ 1/2, ಉದ್ದಕ್ಕೂ 1/2. ಎಡಕ್ಕೆ ತೆರೆದ x = –y² ಮೇಲೆ ಬಂದರೆ –1/2. ಮಿತಿ ಇಲ್ಲ.

ಎಲ್ಲ ರೇಖೆಗಳೂ ಒಂದೇ ಮಾತು ಹೇಳಿದರೂ ಅವು ಮೋಸ ಹೋದದ್ದು ಹೇಗೆ? ಫಲನದ ಬೆಲೆಯನ್ನು ನೆಲದ ಎತ್ತರ ಎಂದುಕೊಳ್ಳಿ. ಆಗ x = y² ಎಂಬುದು ಮೂಲಬಿಂದುವಿನವರೆಗೂ 1/2 ಎತ್ತರದಲ್ಲೇ ಸಾಗಿ ಬರುವ ಒಂದು ಏಣು. ಕಡಿದಾದ ಒಂದು ರೇಖೆಯ ಮೇಲೆ, m = 100 ಎಂದಿಟ್ಟುಕೊಂಡು, ನಡೆಯಿರಿ. x = 0.01 ಆದಾಗ ಎತ್ತರ ಸುಮಾರು 0.01, ಸೊನ್ನೆಗೆ ಬಂದೇಬಿಟ್ಟೆವು ಅನ್ನಿಸುತ್ತದೆ. ಇನ್ನೂ ಮುಂದೆ x = 0.0001 ತಲುಪಿದಾಗ ಎತ್ತರ ಏಕಾಏಕಿ 1/2, ಏಕೆಂದರೆ ಏಣನ್ನು ದಾಟುತ್ತಿದ್ದೇವೆ. ಅದನ್ನು ದಾಟಿ x = 0.000001ಕ್ಕೆ ಬಂದರೆ ಮತ್ತೆ ಸುಮಾರು 0.01, ಆಮೇಲೆ ಇಳಿಯುತ್ತಲೇ ಹೋಗಿ ಸೊನ್ನೆ.

ಅಕ್ಷಗಳನ್ನು ಬಿಟ್ಟರೆ ಪ್ರತಿ ರೇಖೆಯೂ ಹೀಗೆ ಏಣನ್ನು ಒಮ್ಮೆ ದಾಟುತ್ತದೆ, (1/m², 1/m) ಎಂಬ ಬಿಂದುವಿನಲ್ಲಿ. ರೇಖೆ ಕಡಿದಾದಷ್ಟೂ ಆ ದಾಟುವ ಜಾಗ ಮೂಲಬಿಂದುವಿಗೆ ಹತ್ತಿರ. m = 1000 ಆದರೆ ಅದು ಸುಮಾರು 0.001 ದೂರದಲ್ಲಿರುತ್ತದೆ. ದಾಟಿದ ಮೇಲೆ ಪ್ರತಿ ರೇಖೆಯೂ ಸೊನ್ನೆಗೆ ಇಳಿಯುವುದು ನಿಜ, ಆದರೆ ಒಂದೊಂದು ರೇಖೆಗೆ ಒಂದೊಂದು ದೂರ. ಮಿತಿ ಕೇಳುವುದು ಬೇರೆಯೇ: ಮೂಲಬಿಂದುವಿನ ಸುತ್ತ ಒಂದು ವೃತ್ತ ಎಳೆಯಿರಿ, ಅದರೊಳಗಿನ ಎಲ್ಲ ಬಿಂದುಗಳಲ್ಲೂ ಬೆಲೆ ಸೊನ್ನೆಗೆ ಹತ್ತಿರ ಇರಲಿ. ನೀವು ಎಷ್ಟೇ ಸಣ್ಣ ವೃತ್ತ ಎಳೆದರೂ ಏಣಿನ ಒಂದು ತುಂಡು ಅದರೊಳಗೆ ಇದ್ದೇ ಇರುತ್ತದೆ. ಎಲ್ಲ ರೇಖೆಗಳಿಗೂ ಸಲ್ಲುವ ಒಂದು ವೃತ್ತ ಇಲ್ಲವೇ ಇಲ್ಲ. ಧ್ರುವೀಯ ನಿರ್ದೇಶಾಂಕಗಳಿಗೆ ಬದಲಾಯಿಸಿ, ಕೋನ θ ಅನ್ನು ಸ್ಥಿರವಾಗಿಟ್ಟು, r ಅನ್ನು ಸೊನ್ನೆಗೆ ಕಳಿಸಿದವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಕೋನ ಸ್ಥಿರ ಎಂದರೆ ಸರಳರೇಖೆಯೇ ತಾನೆ.

ಸರಿಯಾದ ದಾರಿ ಹೊಳೆಯುವುದು ಹೇಗೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಛೇದವನ್ನು ನೋಡಿ ಎನ್ನುತ್ತೇನೆ. ಅಲ್ಲಿ x² ಮತ್ತು y⁴ ಇವೆ. ಎರಡೂ ಒಂದೇ ವೇಗದಲ್ಲಿ ಕುಗ್ಗಬೇಕಾದರೆ x ಎಂಬುದು y² ಜೊತೆ ಸಾಗಬೇಕು. x = ky² ಹಾಕಿದರೆ ಬೆಲೆ k/(1 + k²); k ಬದಲಾದರೆ ಉತ್ತರವೂ ಬದಲಾಗುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಆರಿಸಿದ ದಾರಿ ಆ ಬಿಂದುವಿಗೆ ನಿಜವಾಗಿ ಬಂದು ಸೇರಬೇಕು. ಮೂಲಬಿಂದುವಿನ ಪ್ರಶ್ನೆಗೆ y = x + 1 ಹಾಕಿದ ಉತ್ತರಗಳನ್ನೂ ನಾನು ಕಂಡಿದ್ದೇನೆ; ಆ ರೇಖೆ ಮೂಲಬಿಂದುವಿನ ಹತ್ತಿರಕ್ಕೂ ಸುಳಿಯುವುದಿಲ್ಲ.

ದಾರಿಗಳ ಪರೀಕ್ಷೆಯಿಂದ ಮಿತಿ ಇಲ್ಲ ಎಂದು ತೋರಿಸಬಹುದು, ಇದೆ ಎಂದು ತೋರಿಸಲಾಗದು. ಅದಕ್ಕೆ ಬೇಕಾದದ್ದು ಬಯಲಿಗೆಲ್ಲ ಒಟ್ಟಿಗೆ ಹಾಕುವ ಬೇಲಿ. ಮೇಲಿನ ಫಲನಕ್ಕೆ ಒಂದೇ ಒಂದು y ಹೆಚ್ಚಿಗೆ ಗುಣಿಸಿ xy³/(x² + y⁴) ಮಾಡೋಣ. x² + y⁴ ಎಂದೂ 2|x|y² ಗಿಂತ ಕಡಿಮೆಯಾಗದು, ಏಕೆಂದರೆ (|x| – y²)² ಋಣವಾಗಲಾರದು. ಹಾಗಾಗಿ ಹಳೆಯ ಫಲನ ಎಲ್ಲಿಯೂ 1/2 ಮೀರುವುದಿಲ್ಲ, ಹೊಸದರ ಗಾತ್ರ |y|/2 ಮೀರುವುದಿಲ್ಲ. y ಸೊನ್ನೆಗೆ ಹೋದಂತೆ ಈ ಬೇಲಿಯೇ ಕುಗ್ಗಿ ಸೊನ್ನೆಯಾಗುತ್ತದೆ. ಇಲ್ಲಿ ಯಾವ ದಾರಿಯನ್ನೂ ಹೆಸರಿಸಬೇಕಿಲ್ಲ. ಈ ಫಲನಕ್ಕೆ ಮಿತಿ ಇದೆ, ಅದು 0.

ಕಾಗದ ಪೆನ್ನು ಕೈಯಲ್ಲಿದ್ದರೆ x³y/(x⁶ + y²) ಹಿಡಿದು ಕೂರಿ. ಸರಳರೇಖೆಗಳೆಲ್ಲ 0 ಕೊಡುತ್ತವೆ, y = kx² ಪರವಲಯಗಳೂ 0 ಕೊಡುತ್ತವೆ. ಅಲ್ಲಿಗೆ ನಿಲ್ಲಿಸದೆ y = x³ ಹಾಕಿ ನೋಡಿ.