ಏನು ತಿಂದೆ? ತಿಂದ್ಯೇನು?

‘ಏನು ತಿಂದೆ?’ ಎಂದು ಕೇಳಿದರೆ ‘ದೋಸೆ’ ಎಂದೋ ‘ಉಪ್ಪಿಟ್ಟು’ ಎಂದೋ ಹೆಸರು ಹೇಳಬೇಕು. ‘ತಿಂದ್ಯೇನು?’ ಎಂದು ಕೇಳಿದರೆ ‘ಹ್ಞೂಂ’ ಅಂದರೆ ಸಾಕು. ಎರಡರಲ್ಲೂ ಇರುವುದು ಅವೇ ಎರಡು ಪದಗಳು. ‘ಏನು’ ಕ್ರಿಯಾಪದದ ಮುಂದೆ ನಿಂತಾಗ ವಸ್ತುವನ್ನು ಕೇಳುತ್ತದೆ. ಹಿಂದೆ ಬಂದು ಅಂಟಿಕೊಂಡಾಗ ಹೌದೋ ಅಲ್ಲವೋ ಎಂದಷ್ಟೇ ಕೇಳುತ್ತದೆ. ಧಾರವಾಡದ ಕಡೆಯ ‘ಊಟ ಆತೇನ್ರಿ?’ ಈ ಎರಡನೆಯ ಬಗೆಯದು. ಮೈಸೂರು, ಬೆಂಗಳೂರಿನವರು ಅದನ್ನೇ ‘ಊಟ ಆಯ್ತಾ?’ ಎಂದು ಕೊನೆಗೊಂದು ‘ಆ’ ಎಳೆದು ಮುಗಿಸುತ್ತಾರೆ.

‘ಏನು, ತಿಂದ್ಯಾ?’ ಎಂದು ನಡುವೆ ತುಸು ತಡೆದರೆ ಬೇರೆಯೇ ಆಯಿತು. ಈ ‘ಏನು’ ಏನನ್ನೂ ಕೇಳುತ್ತಿಲ್ಲ, ಸುಮ್ಮನೆ ಮಾತಿಗೆ ಎಳೆಯುತ್ತಿದೆ.

ಇನ್ನು ‘ತಿಂದಿದ್ದು ಏನು?’ ಎಂಬುದು ಡಾಕ್ಟರ ಪ್ರಶ್ನೆ. ತಿಂದದ್ದಂತೂ ಖಚಿತ, ಹೊಟ್ಟೆ ಕೆಡಿಸಿದ್ದು ಯಾವುದು ಎಂದಷ್ಟೇ ತಿಳಿಯಬೇಕು. ‘ಯಾರು’ ಕೂಡ ಹೀಗೆಯೇ. ‘ಗ್ಲಾಸು ಯಾರು ಒಡೆದರು?’ ಎಂದರೆ ವಿಚಾರಣೆ. ‘ಗ್ಲಾಸು ಒಡೆದಿದ್ದು ಯಾರು?’ ಎಂದರೆ ಮಕ್ಕಳು ಮಂಚದ ಕೆಳಗೆ ಸೇರಿಕೊಳ್ಳುತ್ತಾರೆ. ಒಡೆದವನು ಒಬ್ಬನೇ ಆದರೂ ನಾವು ‘ಯಾರು ಒಡೆದ’ ಎನ್ನುವುದಿಲ್ಲ, ‘ಒಡೆದರು’ ಎನ್ನುತ್ತೇವೆ. ‘ಯಾರು’ ಬಹುವಚನವನ್ನೇ ಬೇಡುವ ಪದ. ಆ ಮರ್ಯಾದೆ ಬಿಟ್ಟು ಏಕವಚನಕ್ಕಿಳಿದು ‘ಯಾವನೋ ಒಡೆದೋನು?’ ಎಂದಾಗ ಜಗಳ ಶುರುವಾಗಿದೆ ಎಂದೇ ಲೆಕ್ಕ.

‘ಯಾಕೆ’ ಇವುಗಳಿಗಿಂತ ಸ್ವತಂತ್ರ. ಬರೆಯುವಾಗ ‘ಏಕೆ’ ಎನ್ನುವವರೂ ಬಾಯಲ್ಲಿ ‘ಯಾಕೆ’ಯನ್ನೇ ಆಡುತ್ತಾರೆ. ‘ನಿನ್ನೆ ಯಾಕೆ ಬರಲಿಲ್ಲ?’, ‘ಯಾಕೆ ನಿನ್ನೆ ಬರಲಿಲ್ಲ?’, ‘ನಿನ್ನೆ ಬರಲಿಲ್ಲ ಯಾಕೆ?’ ಮೂರೂ ನಡೆಯುತ್ತವೆ. ಮೊದಲನೆಯದು ಸಹಜ ಕ್ರಮ. ಕೊನೆಯದರಲ್ಲಿ ಬಾರದಿದ್ದ ಸಂಗತಿಯನ್ನು ಮೊದಲು ಎದುರಿಗಿಟ್ಟು ಆಮೇಲೆ ಕಾರಣ ಕೇಳಿದಂತಾಗುತ್ತದೆ. ಆದರೆ ‘ಯಾಕೆ’ ವ್ಯಕ್ತಿಯ ಹೆಸರಿಗೋ ಸರ್ವನಾಮಕ್ಕೋ ಅಂಟಿದರೆ ಎಚ್ಚರ ಬೇಕು. ‘ಯಾಕೆ ಹೋದೆ?’ ಎಂಬುದು ಕಾರಣ ಕೇಳುತ್ತದೆ. ‘ನೀನ್ಯಾಕೆ ಹೋದೆ?’ ಎಂದು ‘ನೀನ್’ ಮೇಲೆ ಒತ್ತು ಹಾಕಿದರೆ, ಹೋಗಲು ಬೇರೆಯವರಿದ್ದರು, ನಿನಗೇನು ಕೆಲಸವಿತ್ತು ಎಂಬ ಆಕ್ಷೇಪವೇ ಕೇಳುತ್ತದೆ.

ಹೊಸದಾಗಿ ಕನ್ನಡ ಕಲಿಯುವವರು ಎಡವುವುದು ಸಾಮಾನ್ಯವಾಗಿ ಈ ‘ಆ’ಕಾರದಲ್ಲಿ. ಪ್ರಶ್ನೆಯೆಂದರೆ ಕೊನೆಗೆ ‘ಆ’ ಬೇಕು ಎಂದುಕೊಂಡು ‘ಯಾರು ಬಂದ್ರಾ?’ ಎನ್ನುತ್ತಾರೆ. ಪ್ರಶ್ನಪದ ಇದ್ದಲ್ಲಿ ‘ಆ’ ಬೇಡ: ‘ಯಾರು ಬಂದ್ರು?’ ಬಂದವರಿದ್ದಾರೋ ಇಲ್ಲವೋ ಎಂದೇ ಕೇಳಬೇಕಿದ್ದರೆ ‘ಯಾರಾದ್ರೂ ಬಂದ್ರಾ?’ ಪಕ್ಕದ ಮನೆಗೋ ಆಫೀಸಿಗೋ ಅಂಥವರು ಬಂದಿದ್ದರೆ ನಗಬೇಡಿ. ಪ್ರಶ್ನಪದವನ್ನು ಕ್ರಿಯಾಪದದ ಪಕ್ಕದಲ್ಲೇ, ಅದರ ಮುಂದೆ ಇಡಿ ಎಂದಿಷ್ಟು ಹೇಳಿಕೊಡಿ. ಉಳಿದ ಆಟಗಳನ್ನೆಲ್ಲ ಅವರು ಕೇಳಿ ಕೇಳಿಯೇ ಕಲಿಯುತ್ತಾರೆ.