ಫಾರಿನ್ ಫೋನ್ ತರಿಸ್ತಿದ್ದೀರಾ? ದುಡ್ಡು ಕೊಡೋ ಮುಂಚೆ ಬ್ಯಾಂಡ್ ನಂಬರ್ ಕೇಳಿ

ಚಳ್ಳಕೆರೆ: ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಗ, ಅಳಿಯ ಊರಿಗೆ ಬರುವಾಗ ಒಂದು ಫೋನ್ ತರುವುದು ಈಗ ಮಾಮೂಲು. ಡಬ್ಬಿ ಹೊಸದು, ಬೆಲೆಯೂ ಕಡಿಮೆ. ಆದರೆ ಸಿಮ್ ಹಾಕಿದ ಮೇಲೆ ಪಕ್ಕದವರ ಫೋನ್‌ನಲ್ಲಿ 4ಜಿ ಓಡುತ್ತಿದ್ದರೂ ಇದರಲ್ಲಿ ‘ನೋ ಸರ್ವೀಸ್’ ಅಂತ ಬರಬಹುದು. ಆಗ ಫೋನೂ ಕೆಟ್ಟಿಲ್ಲ, ಟವರೂ ಕೆಟ್ಟಿಲ್ಲ. ಎರಡೂ ಬೇರೆ ಬೇರೆ ಬ್ಯಾಂಡ್‌ನಲ್ಲಿವೆ, ಅಷ್ಟೇ. ವಾಪಸ್ ಕೊಡೋಣ ಅಂದ್ರೆ ಅಂಗಡಿ ಸಮುದ್ರದಾಚೆ ಇದೆ. ಓಟಿಪಿ, ಫೋನ್‌ಪೇ, ಗಿರಾಕಿಗಳ ಕಾಲ್ ಎಲ್ಲಾ ಇದೇ ಫೋನ್ ಮೇಲೆ ನಡೆಯುವ ಅಂಗಡಿಯವರಿಗೆ ಇದು ಸಣ್ಣ ನಷ್ಟ ಅಲ್ಲ.

ಬ್ಯಾಂಡ್ ಅಂದ್ರೆ ಏನು?

ಟವರ್ ಮತ್ತು ಫೋನ್ ಮಾತಾಡೋದು ರೇಡಿಯೋ ತರಂಗದಲ್ಲಿ. ಯಾವ ಕಂಪನಿ ಯಾವ ತರಂಗ ಬಳಸಬೇಕು ಅನ್ನೋದನ್ನ ಆಯಾ ದೇಶದ ಸರ್ಕಾರ ಹಂಚುತ್ತದೆ. ಹೀಗೆ ಹಂಚಿದ ಪ್ರತಿ ಪಟ್ಟಿಗೂ ಒಂದು ನಂಬರ್ ಇದೆ, ಅದೇ ಬ್ಯಾಂಡ್. ಯಾವ ಬ್ಯಾಂಡ್ ಹಿಡಿಯಬೇಕು ಅನ್ನೋದನ್ನ ಫ್ಯಾಕ್ಟರಿಯಲ್ಲೇ ಫೋನಿನ ಒಳಗಿನ ಬಿಡಿಭಾಗಗಳಲ್ಲಿ ಕೂರಿಸಿರುತ್ತಾರೆ. ಆ ಭಾಗ ಇಲ್ಲದಿದ್ದರೆ ಆಮೇಲೆ ಯಾವ ಅಪ್‌ಡೇಟ್ ಹಾಕಿದರೂ, ಯಾವ ರಿಪೇರಿ ಅಂಗಡಿಗೆ ಕೊಟ್ಟರೂ ಅದು ಬರೋದಿಲ್ಲ.

ಕರ್ನಾಟಕದಲ್ಲಿ 4ಜಿಗೆ ಜಿಯೋ ಬಳಸೋದು 3, 5 ಮತ್ತು 40ನೇ ಬ್ಯಾಂಡ್. ಏರ್‌ಟೆಲ್‌ದು 1, 3, 8 ಮತ್ತು 40. ಬಿಎಸ್‌ಎನ್‌ಎಲ್‌ನ ಹೊಸ 4ಜಿ 1 ಮತ್ತು 28ರಲ್ಲಿದೆ. ಇದರಲ್ಲಿ 5, 8, 28 ಇವು ಕಡಿಮೆ ತರಂಗದ ಬ್ಯಾಂಡ್‌ಗಳು. ಇವು ದೂರ ಹೋಗ್ತವೆ, ಗೋಡೆಯನ್ನೂ ದಾಟ್ತವೆ. ಉಳಿದವು ವೇಗ ಜಾಸ್ತಿ ಕೊಡ್ತವೆ, ಆದರೆ ಅಷ್ಟು ದೂರ ತಲುಪಲ್ಲ.

ಹಾಗಾಗಿ ಚಳ್ಳಕೆರೆ ಪೇಟೆಯಲ್ಲಿ ಚೆನ್ನಾಗಿ ನಡೆದ ಫೋನ್ ಪರಶುರಾಂಪುರ ಕಡೆಯ ಹೊಲಕ್ಕೆ ಹೋದ್ರೆ, ಇಲ್ಲಾ ಮೊಳಕಾಲ್ಮುರಿನಲ್ಲಿ ದಪ್ಪ ಗೋಡೆಯ ಮಗ್ಗದ ಮನೆಯೊಳಗೆ ಹೋದ್ರೆ ಸತ್ತಂತೆ ಆಗಬಹುದು. ಟವರ್ ದೂರ ಇರುವ ಕಡೆ ಕೈಹಿಡಿಯೋದು ಆ ಕಡಿಮೆ ತರಂಗದ ಬ್ಯಾಂಡ್. ಫೋನ್‌ನಲ್ಲಿ ಅದೇ ಇಲ್ಲ ಅಂದ್ರೆ ಕಷ್ಟ.

ಒಂದು ಲೆಕ್ಕ ನೋಡೋಣ

ಮೊಳಕಾಲ್ಮುರಿನ ಒಬ್ಬ ಸೀರೆ ಅಂಗಡಿಯವರಿಗೆ ಅಮೆರಿಕದಿಂದ ಅಳಿಯ ಫೋನ್ ಮಾಡಿ, ‘ಮಾವ, ಇಲ್ಲಿ ಒಂದು ಫೋನ್ ಆಫರ್‌ನಲ್ಲೈತೆ, ತಗೊಂಬರ್ಲಾ?’ ಅಂತ ಕೇಳಿದರು ಅಂತಿಟ್ಟುಕೊಳ್ಳಿ. ಆ ಫೋನಿನ ವಿವರದಲ್ಲಿ 4ಜಿ ಸಾಲು ಹೀಗಿದೆ:

```
LTE: 2, 4, 5, 12, 13, 17, 66, 71
```

ಮೊದಲು ಬಿಎಸ್‌ಎನ್‌ಎಲ್. ಬೇಕಾದ್ದು 1 ಮತ್ತು 28, ಎರಡೂ ಇಲ್ಲ. ಎಷ್ಟೋ ಜನ ಮೋಸ ಹೋಗೋದು ಇಲ್ಲೇ. ಬಿಎಸ್‌ಎನ್‌ಎಲ್‌ದು 700 ಮೆಗಾಹರ್ಟ್ಸ್, ಅಮೆರಿಕದ 12ನೇ ಬ್ಯಾಂಡೂ 700 ಅಂತಲೇ ಕರೆಸಿಕೊಳ್ಳುತ್ತೆ. ಆದರೆ 28ರಲ್ಲಿ ಟವರ್‌ನಿಂದ ಫೋನ್‌ಗೆ ಬರುವ ತರಂಗ 758ರಿಂದ 803ರವರೆಗೆ, 12ರಲ್ಲಿ 729ರಿಂದ 746ರವರೆಗೆ. ಒಂದಕ್ಕೊಂದು ತಾಗೋದೇ ಇಲ್ಲ. ‘700 ಇದೆ’ ಅಂತ ಮಾರುವವನು ಹೇಳಿದರೆ ನಂಬಬೇಡಿ, ಬ್ಯಾಂಡ್ ನಂಬರೇ ಕೇಳಿ.

ಏರ್‌ಟೆಲ್‌ಗೆ ಬೇಕಾದ 1, 3, 8, 40ರಲ್ಲಿ ಒಂದೂ ಈ ಪಟ್ಟಿಯಲ್ಲಿಲ್ಲ. ಅಂದ್ರೆ 4ಜಿ ಇಲ್ಲ. ಫೋನ್‌ನಲ್ಲಿ ಜಿಎಸ್‌ಎಂ 900 ಇದ್ದರೆ 2ಜಿಯಲ್ಲಿ ಕಾಲ್ ಮತ್ತು ಮೆಸೇಜ್ ಬರಬಹುದು, ಇಂಟರ್ನೆಟ್ ಮರೆತುಬಿಡಿ.

ಜಿಯೋಗೆ 5 ಒಂದು ಸಿಕ್ಕಿತು. 3, 40 ಇಲ್ಲ. ಸಿಗ್ನಲ್ ಗೀಟು ತುಂಬಿ ಕಾಣುತ್ತೆ, ಆದರೆ ಜನ ಜಾಸ್ತಿ ಇರುವ ಹೊತ್ತಲ್ಲಿ ನೆಟ್ ತೆವಳುತ್ತೆ. ಯಾಕಂದ್ರೆ 5ನೇ ಬ್ಯಾಂಡ್‌ನ ದಾರಿ ಕಿರಿದು, ಬೇರೆ ಫೋನ್‌ಗಳಂತೆ 40ಕ್ಕೆ ಹಾರೋದು ಇದಕ್ಕೆ ಆಗಲ್ಲ. ಲೆಕ್ಕ ಮುಗೀತು: ಈ ಫೋನ್ ಬೇಡ ಅಂತ ಅಳಿಯನಿಗೆ ಹೇಳೋದೇ ಸರಿ.

ಎಲ್ಲಾ ಅಮೆರಿಕದ ಫೋನೂ ಹೀಗೆ ಅಂತಲ್ಲ. ಅಲ್ಲಿನ ಹೊಸ ಐಫೋನ್‌ಗಳಲ್ಲಿ ನಮ್ಮ ಬ್ಯಾಂಡ್‌ಗಳೂ ಇರ್ತವೆ. ಅದರಲ್ಲಿ ತೊಂದರೆ ಬೇರೆ. ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಮಾಡೆಲ್‌ಗೆ ಸಿಮ್ ಹಾಕುವ ಜಾಗವೇ ಇಲ್ಲ, ಬರೀ ಇ-ಸಿಮ್. ನಿಮ್ಮ ಕಂಪನಿ ಇಲ್ಲಿ ಇ-ಸಿಮ್ ಮಾಡಿಕೊಡುತ್ತಾ ಅಂತ ಮೊದಲೇ ವಿಚಾರಿಸಿ.

ತಗೊಳ್ಳೋ ಮುಂಚೆ ಹೀಗೆ ಮಾಡಿ

ಮೊದಲ ಕೆಲಸ, ಹೆಸರಲ್ಲ, ಮಾಡೆಲ್ ನಂಬರ್ ತರಿಸಿಕೊಳ್ಳಿ. ಒಂದೇ ಹೆಸರಿನ ಫೋನ್ ದೇಶಕ್ಕೊಂದು ಮಾಡೆಲ್‌ನಲ್ಲಿ ಬರುತ್ತೆ. ಐಫೋನ್ 15 ಭಾರತದಲ್ಲಿ `A3090`, ಅಮೆರಿಕದಲ್ಲಿ `A2846`. ಆಂಡ್ರಾಯ್ಡ್‌ನಲ್ಲಿ `About phone` ಒಳಗೆ ನಂಬರ್ ಇರುತ್ತೆ. ಐಫೋನ್‌ನಲ್ಲಿ `Settings > General > About` ಒಳಗಿನ `Model Number` ಅನ್ನು ಒಮ್ಮೆ ಒತ್ತಿದರೆ A ಇಂದ ಶುರುವಾಗುವ ನಂಬರ್ ಬರುತ್ತೆ. ಅದರ ಫೋಟೋ ಕಳಿಸಲು ಹೇಳಿ.

ಎರಡನೇದು, ಆ ನಂಬರ್ ಇಟ್ಟುಕೊಂಡು ತಯಾರಿಕಾ ಕಂಪನಿಯ ವೆಬ್‌ಸೈಟ್‌ನಲ್ಲಿ ಬ್ಯಾಂಡ್ ಪಟ್ಟಿ ತೆಗೆದು, ಮೇಲೆ ಹೇಳಿದ ನಂಬರ್‌ಗಳ ಜೊತೆ ತಾಳೆ ನೋಡಿ. 5ಜಿ ಬೇಕು ಅನ್ನೋರು `n78` ಇದೆಯಾ ನೋಡಬೇಕು. ಜಿಯೋದವರಿಗೆ `n28` ಕೂಡ ಇದ್ದರೆ ಒಳ್ಳೇದು. ಡಬ್ಬಿ ಮೇಲೆ 5ಜಿ ಅಂತ ಬರೆದ ಮಾತ್ರಕ್ಕೆ ಇವು ಇರ್ತವೆ ಅಂತಿಲ್ಲ.

ಮೂರನೇದು, ನಿಮ್ಮ ಅಂಗಡಿಗೆ ಯಾವ ಬ್ಯಾಂಡ್ ಬರ್ತಿದೆ ನೋಡಿ. ಅದೇ ಕಂಪನಿಯ ಸಿಮ್ ಇರುವ ಐಫೋನ್‌ನಲ್ಲಿ `*3001#12345#*` ಒತ್ತಿ ಕಾಲ್ ಬಟನ್ ಒತ್ತಿ. ಬಹಳಷ್ಟು ಸ್ಯಾಮ್‌ಸಂಗ್ ಫೋನ್‌ಗಳಲ್ಲಿ `*#0011#` ಸಾಕು. ಅಲ್ಲಿ `Band` ಅನ್ನೋ ಸಾಲಿನ ಮುಂದೆ ನಂಬರ್ ಕಾಣುತ್ತೆ. ಗಲ್ಲಾದ ಹತ್ತಿರ ಒಮ್ಮೆ, ಗೋಡೌನ್ ಒಳಗೆ ಒಮ್ಮೆ, ತೋಟದಲ್ಲಿ ಒಮ್ಮೆ ನೋಡಿ. ಒಳಗೆ ಹೋದಾಗ 40 ಹೋಗಿ 5 ಬಂದರೆ, ನಿಮ್ಮ ಹೊಸ ಫೋನ್‌ನಲ್ಲಿ 5 ಇರಲೇಬೇಕು ಅಂತ ಅರ್ಥ.

ಬ್ಯಾಂಡ್ ಸರಿ ಇದ್ದರೂ ಎರಡು ಅಡ್ಡಿ

ಒಂದು, ಲಾಕ್. ಕಂತಿನಲ್ಲಿ, ಆಫರ್‌ನಲ್ಲಿ ಕೊಡುವ ಫೋನ್‌ಗಳನ್ನು ಅಲ್ಲಿನ ಕಂಪನಿಗಳು ತಮ್ಮ ಸಿಮ್‌ಗೆ ಮಾತ್ರ ಕಟ್ಟಿಹಾಕಿರುತ್ತವೆ. ಐಫೋನ್‌ನ ಅದೇ `About` ಪುಟದಲ್ಲಿ `Carrier Lock` ಮುಂದೆ `No SIM restrictions` ಅಂತ ಇರಬೇಕು.

ಎರಡು, ವೋಲ್ಟಿ, ಅಂದರೆ 4ಜಿ ಮೇಲೆ ಕಾಲ್ ಹೋಗುವ ವ್ಯವಸ್ಥೆ. ಜಿಯೋದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ. ಕೆಲವು ವಿದೇಶಿ ಫೋನ್‌ಗಳಲ್ಲಿ ನಮ್ಮ ಕಂಪನಿಗಳಿಗೆ ವೋಲ್ಟಿ ಆನ್ ಆಗಿರಲ್ಲ. ಆಗ ಯೂಟ್ಯೂಬ್ ಓಡುತ್ತೆ, ಕಾಲ್ ಮಾತ್ರ ಹೋಗಲ್ಲ. ಇದು ಬ್ಯಾಂಡ್ ಪಟ್ಟಿಯಲ್ಲಿ ಗೊತ್ತಾಗಲ್ಲ. ಅದೇ ಮಾಡೆಲ್ ನಂಬರ್‌ನ ಫೋನ್ ಊರಲ್ಲಿ ಯಾರ ಹತ್ರನಾದ್ರೂ ಇದ್ದರೆ ನಿಮ್ಮ ಸಿಮ್ ಹಾಕಿ ಒಂದು ಕಾಲ್ ಮಾಡಿ ನೋಡಿ. ಯಾರೋ ತಂದ ಫೋನನ್ನು ಇಲ್ಲೇ ಕೊಳ್ಳುವುದಾದರೆ, ಸಿಮ್ ಹಾಕಿ ಕಾಲ್ ಮಾಡಿ, ಮಾಡಿಸಿಕೊಂಡು, ಒಂದು ಓಟಿಪಿ ತರಿಸಿ ನೋಡಿ. ಮೂರೂ ಸರಿಹೋದ ಮೇಲೆ ದುಡ್ಡು ಎಣಿಸಿ.