ಬಿಡಿಭಾಗ ಬರುವುದು ನಿಂತಾಗ

ಪೂರೈಕೆ ಹಠಾತ್ತನೆ ನಿಂತರೆ ಏನು ಮಾಡಬೇಕೆಂಬ ಯೋಜನೆ ಶುರುವಾಗಬೇಕಾದದ್ದು ಒಂದು ಲೆಕ್ಕದಿಂದ: ಕೈಯಲ್ಲಿರುವ ಸರಕು ಎಷ್ಟು ದಿನಕ್ಕೆ ಸಾಕು, ಬದಲಿ ಸರಕು ಬರಲು ಎಷ್ಟು ದಿನ ಬೇಕು?

ಪೀಣ್ಯದಲ್ಲಿ ದಿನಕ್ಕೆ 200 ಪಂಪ್ ತಯಾರಿಸುವ ಕಾರ್ಖಾನೆಯೊಂದಿದೆ ಎಂದುಕೊಳ್ಳೋಣ. ಪಂಪಿನ ಎರಕದ ಕವಚ ಬರುವುದು ಬೆಳಗಾವಿಯ ಒಂದೇ ಫೌಂಡ್ರಿಯಿಂದ. ಅಲ್ಲಿನ ಕುಲುಮೆ ಕೆಟ್ಟಿದೆ. ಸ್ಟೋರಿನ ಪುಸ್ತಕದಲ್ಲಿ 1,600 ಕವಚಗಳಿದ್ದರೂ 400 ಇನ್ನೂ ತಪಾಸಣೆಯಾಗಿಲ್ಲ, ಅವನ್ನು ನೆಚ್ಚಿಕೊಳ್ಳುವಂತಿಲ್ಲ. ಉಳಿದ 1,200 ಆರು ದಿನಕ್ಕೆ ಸಾಕು. ಹೊಸ ಫೌಂಡ್ರಿ ಪ್ಯಾಟರ್ನ್ ಮಾಡಿ, ಮಾದರಿ ಎರಕ ಹೊಯ್ದು, ಅದಕ್ಕೆ ಒಪ್ಪಿಗೆ ಸಿಕ್ಕು, ಮೊದಲ ಲೋಡ್ ಕಳಿಸಲು 20 ದಿನ ಬೇಕು. ಎಂದಿನ ವೇಗದಲ್ಲಿ ಓಡಿಸಿದರೆ 14 ದಿನ ಕಾರ್ಖಾನೆ ನಿಲ್ಲುತ್ತದೆ. ದಿನಕ್ಕೆ 60 ಪಂಪಿಗೆ ಇಳಿಸಿದರೆ ನಿಲ್ಲುವುದಿಲ್ಲ. ಪ್ಯಾಟರ್ನ್ ಕಾರ್ಖಾನೆಯ ಸ್ವತ್ತೇ ಆಗಿದ್ದು, ಬೇಕೆಂದಾಗ ತರಬಹುದೆಂದು ಕರಾರಿನಲ್ಲಿದ್ದರೆ 20 ದಿನ 12ಕ್ಕೆ ಇಳಿದೀತು. ಆಗ ದಿನಕ್ಕೆ 100 ಪಂಪ್ ಸಾಧ್ಯ. ಈ ಒಂದು ಷರತ್ತನ್ನು ಮೊದಲೇ ಬರೆಸಿಕೊಳ್ಳದ ಕಾರ್ಖಾನೆಗಳು ಕಷ್ಟ ಬಂದಾಗಲೇ ಅದರ ಬೆಲೆ ತಿಳಿಯುತ್ತವೆ.

ಲೆಕ್ಕಕ್ಕಿಂತ ಹೆಚ್ಚಾಗಿ ಕೈಕೊಡುವುದು ಸುದ್ದಿಯ ಹಾದಿ. 2000ರ ಮಾರ್ಚ್ 17ರಂದು ಅಮೆರಿಕದ ಆಲ್ಬುಕರ್ಕಿಯಲ್ಲಿದ್ದ ಫಿಲಿಪ್ಸ್ ಚಿಪ್ ಕಾರ್ಖಾನೆಗೆ ಸಿಡಿಲಿನ ದೆಸೆಯಿಂದ ಬೆಂಕಿ ಬಿತ್ತು. ಬೆಂಕಿ ನಿಮಿಷಗಳಲ್ಲಿ ಆರಿತು. ಆದರೆ ಧೂಳಿನ ಕಣವೂ ಇರಬಾರದ ಕೋಣೆಗಳಿಗೆ ಹೊಗೆ, ನೀರು ನುಗ್ಗಿದ್ದವು. ಒಂದು ವಾರ ತಡವಾಗಬಹುದೆಂಬ ಸುದ್ದಿ ನೋಕಿಯಾಗೂ ಎರಿಕ್ಸನ್‌ಗೂ ಹೋಯಿತು. ನೋಕಿಯಾದಲ್ಲಿ ಅದು ಬೇಗ ಮೇಲಿನವರಿಗೆ ಮುಟ್ಟಿತು. ಅಲ್ಲಿನವರು ಆ ಬಿಡಿಭಾಗಗಳ ಮೇಲೆ ನಿಗಾ ಇಟ್ಟು ಫಿಲಿಪ್ಸನ್ನು ದಿನವೂ ವಿಚಾರಿಸಿದರು. ತೊಂದರೆ ತಿಂಗಳುಗಟ್ಟಲೆಯದೆಂದು ಗೊತ್ತಾದಾಗ ಬೇರೆ ಕಡೆಗಳಿಂದ ಚಿಪ್ ಹೊಂದಿಸಿಕೊಂಡರು. ಎರಿಕ್ಸನ್‌ನಲ್ಲಿ ಸುದ್ದಿ ಕೆಳಹಂತದಲ್ಲೇ ವಾರಗಟ್ಟಲೆ ಉಳಿಯಿತು. ಕಂಪನಿಗಾದ ನಷ್ಟ ಸುಮಾರು 40 ಕೋಟಿ ಡಾಲರ್.

ಆದ್ದರಿಂದ ಯಾವ ಸುದ್ದಿ ಯಾರಿಗೆ, ಎಷ್ಟು ಹೊತ್ತಿನೊಳಗೆ ಎಂಬುದು ಯೋಜನೆಯಲ್ಲಿ ಬರಹದಲ್ಲಿರಬೇಕು. ಬದಲಿಯಿಲ್ಲದ ಭಾಗವೊಂದು ಒಂದೇ ದಿನ ತಡವಾದರೂ ಖರೀದಿ ವಿಭಾಗದವರು ಅಂದೇ ಕಾರ್ಖಾನೆಯ ಮುಖ್ಯಸ್ಥರಿಗೆ ತಿಳಿಸಬೇಕು. ಪೂರೈಕೆದಾರರನ್ನು "ಯಾವಾಗ ಸರಿಹೋಗುತ್ತದೆ?" ಎಂದಷ್ಟೇ ಕೇಳಿದರೆ ಸಿಗುವುದು ಸಮಾಧಾನದ ಮಾತು. ಸಿದ್ಧವಿರುವ ಕವಚ ಎಷ್ಟು, ಕುಲುಮೆಗೆ ಬೇಕಾದ ಭಾಗಕ್ಕೆ ಆರ್ಡರ್ ಹೋಗಿದೆಯೇ, ಅದು ಬರುವುದೆಂದು ಎಂದು ಕೇಳಬೇಕು. ಸಾಧ್ಯವಾದರೆ ಒಬ್ಬರು ಹೋಗಿ ಕಣ್ಣಾರೆ ನೋಡಬೇಕು. ಹೇಳಿದ ದಿನಾಂಕ ಎರಡನೇ ಸಲ ಮುಂದೆ ಹೋದರೆ ಬದಲಿ ಫೌಂಡ್ರಿಗೆ ಆರ್ಡರ್ ಕೊಟ್ಟುಬಿಡಬೇಕು.

ಗ್ರಾಹಕರೊಂದಿಗೆ ಮಾತಾಡುವವರು ಒಬ್ಬರೇ ಇರಬೇಕು. ಮಾರಾಟದವರು ಒಂದು ದಿನಾಂಕ, ಉತ್ಪಾದನೆಯವರು ಇನ್ನೊಂದು ಹೇಳಿದರೆ ಎರಡನ್ನೂ ಯಾರೂ ನಂಬುವುದಿಲ್ಲ. ಏನಾಗಿದೆ, ಈ ವಾರ ಎಷ್ಟು ಪಂಪ್ ಖಚಿತ, ಮುಂದಿನ ಮಾಹಿತಿ ಯಾವಾಗ ಎಂಬಿಷ್ಟು ಪತ್ರದಲ್ಲಿದ್ದರೆ ಸಾಕು. ಇರುವ 60 ಪಂಪುಗಳಲ್ಲಿ ಯಾರಿಗೆಷ್ಟು ಎಂಬುದನ್ನು ಪತ್ರ ಹೊರಡುವ ಮೊದಲೇ ತೀರ್ಮಾನಿಸಿರಬೇಕು. ಅಂದೇ ಪಾಳಿ ಶುರುವಾಗುವಾಗ ಕಾರ್ಮಿಕರಿಗೂ, ಗುತ್ತಿಗೆಯವರನ್ನು ಬಿಡದೆ, ಎಷ್ಟು ದಿನ ಕೆಲಸ ಕಡಿಮೆ, ಕೂಲಿಯ ಗತಿ ಏನು ಎಂದು ಮೇಲ್ವಿಚಾರಕರು ನೇರವಾಗಿ ಹೇಳಬೇಕು.